ಕಂಪನಿಯೂ ನಿಜವಾಗಿರಬೇಕು, ಪತ್ರವೂ ಅದರದ್ದೇ ಆಗಿರಬೇಕು

"ಸರ್, ಬೆಂಗಳೂರಿನ ಕಂಪನಿಯೊಂದರಿಂದ ಆಫರ್ ಲೆಟರ್ ಬಂದಿದೆ. ದುಡ್ಡು ಕಟ್ಟೋಕೆ ಮುಂಚೆ ಆ ಕಂಪನಿ ನಿಜವಾಗಿಯೂ ಇದೆಯಾ ಅಂತ ನೋಡೋದು ಹೇಗೆ?"

ದಾವಣಗೆರೆಯಲ್ಲಿ ಕಂಪನಿಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ವಿವರ ಸಲ್ಲಿಸುವುದು ನನ್ನ ಕೆಲಸವಾದ್ದರಿಂದ, ಇಂಥ ಪತ್ರ ಹಿಡಿದು ಬರುವ ಹುಡುಗ ಹುಡುಗಿಯರು ಕಂಪನಿಯ ಹೆಸರು ಸರ್ಕಾರದ ದಾಖಲೆಯಲ್ಲಿ ಇದೆಯೇ ಎಂದು ನೋಡಿಕೊಡಲು ಕೇಳುತ್ತಾರೆ. ಹೆಚ್ಚಿನ ಸಲ ಇದ್ದೇ ಇರುತ್ತದೆ, ಏಕೆಂದರೆ ವಂಚಕರು ಇಲ್ಲದ ಕಂಪನಿಯನ್ನು ಹುಟ್ಟಿಸುವ ಬದಲು ಇರುವ ಕಂಪನಿಯ ಹೆಸರನ್ನೇ ಎತ್ತಿಕೊಳ್ಳುತ್ತಾರೆ. ಆದ್ದರಿಂದ ಕಂಪನಿ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ನಿಮಗೆ ಪತ್ರ ಬರೆದವರು ಮತ್ತು ಹಣ ಕೇಳುತ್ತಿರುವವರು ಆ ಕಂಪನಿಯವರೇ ಎಂಬುದು ಗೊತ್ತಾಗಬೇಕು. ಇದನ್ನು ಯಾವ ಒಂದು ದಾಖಲೆಯೂ ಒಂಟಿಯಾಗಿ ಹೇಳುವುದಿಲ್ಲ. ಒಂದು ದಾಖಲೆಯಲ್ಲಿರುವ ವಿವರ ಇನ್ನೊಂದರಲ್ಲಿಯೂ ಸಿಗುತ್ತದೆಯೇ ಎಂದು ಹೊಂದಿಸಿ ನೋಡಬೇಕಾಗುತ್ತದೆ.

ನಿಜಲಿಂಗಪ್ಪ ಬಡಾವಣೆಯ ಬಿ.ಕಾಂ. ಮುಗಿಸಿದ ಹುಡುಗನೊಬ್ಬ ತಂದ ಪತ್ರವನ್ನೇ ತೆಗೆದುಕೊಳ್ಳುತ್ತೇನೆ. ಡೇಟಾ ಪ್ರೊಸೆಸಿಂಗ್ ಕೆಲಸ, ತಿಂಗಳಿಗೆ 24,000 ರೂಪಾಯಿ ಸಂಬಳ, ಲ್ಯಾಪ್‌ಟಾಪ್‌ಗೆಂದು 4,500 ರೂಪಾಯಿ ಠೇವಣಿ; ಮೊದಲ ಸಂಬಳದೊಡನೆ ಠೇವಣಿ ಹಿಂತಿರುಗಿಸುವುದಾಗಿ ಬರೆದಿತ್ತು.

ಕಂಪನಿಗಳ ಕಾಯ್ದೆ 2013ರ 12ನೇ ಸೆಕ್ಷನ್ ಪ್ರಕಾರ ಕಂಪನಿಯ ವ್ಯವಹಾರದ ಪತ್ರಗಳಲ್ಲಿ ಅದರ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಹಾಗೂ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರಲೇಬೇಕು. ಈ ಪತ್ರದಲ್ಲಿ ಅದು ಇತ್ತು, U72900KA2012PTC ಎಂದು ಆರಂಭವಾಗಿ ಕೊನೆಗೆ ಆರು ಅಂಕಿಗಳ ನೋಂದಣಿ ಸಂಖ್ಯೆ. ಮೊದಲ U ಎಂದರೆ ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿ, ಮುಂದಿನ ಐದು ಅಂಕಿ ಉದ್ದಿಮೆಯ ವರ್ಗ, KA ಕರ್ನಾಟಕ, 2012 ನೋಂದಣಿಯಾದ ವರ್ಷ, PTC ಎಂದರೆ ಪ್ರೈವೇಟ್ ಲಿಮಿಟೆಡ್. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣವಾದ mca.gov.inನಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆರೆದು ಈ ಸಂಖ್ಯೆ ಹಾಕಿದಾಗ ಹೆಸರು ಹೊಂದಿತು, ಸ್ಥಿತಿ Active ಎಂದಿತ್ತು. Strike Off ಎಂದಿದ್ದರೆ ಅಲ್ಲಿಗೇ ಮಾತು ಮುಗಿಯುತ್ತಿತ್ತು. Active ಎಂದಿದ್ದರೂ ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ದಿನಾಂಕದ್ದು ಎಂದು ನೋಡಬೇಕು. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಆ ಕಂಪನಿ ಹೆಸರಿಗಷ್ಟೇ ಉಳಿದಿರುವ ಸಾಧ್ಯತೆ ಹೆಚ್ಚು. ಇದರದ್ದು ಹಿಂದಿನ ಹಣಕಾಸು ವರ್ಷದ್ದೇ ಆಗಿತ್ತು.

ಆ ಪುಟದಲ್ಲಿರುವ ಇಮೇಲ್ ಮತ್ತು ವಿಳಾಸದ ಬಗ್ಗೆ ಒಂದು ಮಾತು ಹೇಳಬೇಕು. ಸಣ್ಣ ಕಂಪನಿಗಳು ಅಲ್ಲಿ ತಮ್ಮ ಲೆಕ್ಕಪರಿಶೋಧಕರ ಇಮೇಲ್ ಅಥವಾ ನಿರ್ದೇಶಕರ ಮನೆಯ ವಿಳಾಸ ಕೊಟ್ಟಿರುವುದು ಸಾಮಾನ್ಯ, ಆದ್ದರಿಂದ ಅಲ್ಲಿ ಜಿಮೇಲ್ ವಿಳಾಸ ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಮಾಲೀಕತ್ವದ ಅಂಗಡಿ ಮತ್ತು ಪಾಲುದಾರಿಕೆ ಸಂಸ್ಥೆಗಳು ಈ ತಾಣದಲ್ಲಿ ಸಿಗುವುದೇ ಇಲ್ಲ. ಚಿತ್ರದುರ್ಗದ ಒಂದು ಟ್ರೇಡರ್ಸ್‌ನಲ್ಲಿ ಕೆಲಸ ಸಿಕ್ಕರೆ ಅದನ್ನು ಜಿಎಸ್‌ಟಿ ತಾಣದಲ್ಲಿ ಹುಡುಕಬೇಕು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು, ಹುಡುಗನ ಮುಖವೂ ಅರಳಿತ್ತು. ಆದರೆ ಸಿಐಎನ್ ಗುಟ್ಟಿನ ಸಂಖ್ಯೆಯಲ್ಲ. ಅದನ್ನು ಯಾರು ಬೇಕಾದರೂ ನೋಡಿ ತಮ್ಮ ಪತ್ರದಲ್ಲಿ ಅಚ್ಚು ಹಾಕಿಕೊಳ್ಳಬಹುದು.

ಪತ್ರ ಬಂದ ಇಮೇಲ್‌ನಲ್ಲಿ @ ಚಿಹ್ನೆಯ ನಂತರ ಕಂಪನಿಯ ಹೆಸರು, ಅದಕ್ಕೆ ಅಂಟಿಕೊಂಡು -careers.in ಎಂದಿತ್ತು. ಕಂಪನಿಯ ಸ್ವಂತ ಜಾಲತಾಣ ಬೇರೆಯೇ ಇತ್ತು, .com ಎಂದು ಮುಗಿಯುವಂಥದ್ದು. ಹೂಯಿಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಯಾವುದೇ ಡೊಮೈನ್ ಹುಟ್ಟಿದ ದಿನ Creation Date ಅಥವಾ Created ಎಂಬ ಸಾಲಿನಲ್ಲಿ ಸಿಗುತ್ತದೆ, lookup.icann.orgನಲ್ಲಿ .com ಹೆಸರುಗಳನ್ನು, registry.inನಲ್ಲಿ .in ಹೆಸರುಗಳನ್ನು ಉಚಿತವಾಗಿ ನೋಡಬಹುದು. ಮಾಲೀಕರ ಹೆಸರನ್ನು ಈಗ ಬಹುಪಾಲು ಮರೆಮಾಡಿರುತ್ತಾರೆ, ಆದರೆ ದಿನಾಂಕ ಉಳಿದಿರುತ್ತದೆ. ಕಂಪನಿಯ ಸ್ವಂತ ಡೊಮೈನ್ 2013ರದ್ದು, ಪತ್ರ ಕಳಿಸಿದ ಡೊಮೈನ್ ಹುಟ್ಟಿ ಮೂರು ವಾರವೂ ಆಗಿರಲಿಲ್ಲ. ಡೊಮೈನ್ ಹೊಸದಾದರೆ ಕಂಪನಿ ಸುಳ್ಳು ಎಂದೇನಲ್ಲ, ಹೊಸ ಕಂಪನಿಯ ಡೊಮೈನ್ ಹೊಸದಾಗಿಯೇ ಇರುತ್ತದೆ. ಹತ್ತಾರು ವರ್ಷದ ಕಂಪನಿ ತನ್ನ ಹಳೆಯ ವಿಳಾಸವನ್ನು ಬಿಟ್ಟು ಮೊನ್ನೆ ಹುಟ್ಟಿದ ವಿಳಾಸದಿಂದ ನೇಮಕದ ಪತ್ರ ಕಳಿಸಿದಾಗ ಅನುಮಾನಿಸಬೇಕು. ಹಾಗೆಯೇ ಡೊಮೈನ್ ಹಳೆಯದಾದ ಮಾತ್ರಕ್ಕೆ ನಂಬುವಂತಿಲ್ಲ, ಏಕೆಂದರೆ ಬಳಕೆ ತಪ್ಪಿದ ಹಳೆಯ ಹೆಸರುಗಳು ಮಾರಾಟಕ್ಕೆ ಸಿಗುತ್ತವೆ. ಆ ವಿಳಾಸದಲ್ಲಿ ಹಿಂದೆ ಏನಿತ್ತು ಎಂಬುದನ್ನು web.archive.orgನಲ್ಲಿ ನೋಡಿದರೆ ಕಂಪನಿಯ ಪುಟವೇ ಇತ್ತೋ ಬೇರಾವುದೋ ವ್ಯಾಪಾರವಿತ್ತೋ ತಿಳಿಯುತ್ತದೆ.

ಕಳಿಸಿದವರ ಜಾಗದಲ್ಲಿ ಕಂಪನಿಯ ಸರಿಯಾದ ವಿಳಾಸವೇ ಕಾಣುತ್ತಿದ್ದರೂ ಜಿಮೇಲ್‌ನಲ್ಲಿ ಹೆಸರಿನ ಕೆಳಗಿನ ಸಣ್ಣ ಬಾಣದ ಗುರುತನ್ನು ಒತ್ತಿ signed-by ಎಂಬ ಸಾಲಿನಲ್ಲಿ ಅದೇ ಡೊಮೈನ್ ಇದೆಯೇ, reply-to ಎಂಬಲ್ಲಿ ಬೇರೆ ವಿಳಾಸ ಅಡಗಿದೆಯೇ ಎಂದು ನೋಡುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಹಣದ ಜಾಡು. ಹುಡುಗನಿಗೆ ಕೊಟ್ಟಿದ್ದ ಯುಪಿಐ ಐಡಿಯನ್ನು ಹಾಕಿದಾಗ, ಪಿನ್ ಒತ್ತುವ ಮೊದಲೇ ತೆರೆಯ ಮೇಲೆ ಖಾತೆದಾರರ ಹೆಸರು ಬಂತು, ಅದು ಕಂಪನಿಯ ಹೆಸರಾಗಿರದೆ ಒಬ್ಬ ವ್ಯಕ್ತಿಯ ಹೆಸರಾಗಿತ್ತು. ಕೇಳಿದ್ದಕ್ಕೆ ಅವರು ನಮ್ಮ ಅಕೌಂಟೆಂಟ್ ಎಂದು ಉತ್ತರ ಬಂದು, ನಂಬಿಕೆಗೆಂದು ಜಿಎಸ್‌ಟಿ ಸಂಖ್ಯೆಯಿರುವ ಒಂದು ರಸೀದಿಯ ನಮೂನೆಯೂ ಬಂತು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್ ಸಂಖ್ಯೆ. ಪ್ಯಾನಿನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯದು, ಕಂಪನಿಗೆ C, ವ್ಯಕ್ತಿಗೆ P, ಪಾಲುದಾರಿಕೆ ಸಂಸ್ಥೆಗೆ F ಆಗಿರುತ್ತದೆ. ಪ್ರೈವೇಟ್ ಲಿಮಿಟೆಡ್ ಎಂದು ಬರೆದಿದ್ದ ಆ ರಸೀದಿಯ ಸಂಖ್ಯೆಯಲ್ಲಿ ಆರನೆಯ ಅಕ್ಷರ P ಆಗಿತ್ತು, ಮೊದಲ ಅಂಕಿಗಳು 29 ಆಗಿರಲಿಲ್ಲ. gst.gov.inನಲ್ಲಿ ಹುಡುಕಿದಾಗ ಅದು ಹೊರರಾಜ್ಯದ ಒಂದು ಬಟ್ಟೆ ಅಂಗಡಿಯದ್ದಾಗಿತ್ತು.

ಹಣದ ಜಾಡನ್ನು ಇನ್ನೊಂದು ದಿಕ್ಕಿನಿಂದಲೂ ಹಿಡಿಯಬಹುದು. ಕಂಪನಿಯೊಂದು ಈಗಾಗಲೇ ನೌಕರರಿಗೆ ಸಂಬಳ ಕೊಡುತ್ತಿದ್ದರೆ ಭವಿಷ್ಯ ನಿಧಿಯ ಲೆಕ್ಕದಲ್ಲಿ ಅದರ ಗುರುತು ಇರುತ್ತದೆ, ಏಕೆಂದರೆ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುತ್ತವೆ. ಭವಿಷ್ಯ ನಿಧಿ ಸಂಘಟನೆಯ epfindia.gov.in ತಾಣದ Establishment Searchನಲ್ಲಿ ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ನೌಕರರಿಗಾಗಿ ಎಷ್ಟು ಹಣ ಕಟ್ಟಿದ್ದಾರೆ ಎಂಬ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಐನೂರು ಜನ ನಮ್ಮಲ್ಲಿದ್ದಾರೆ ಎನ್ನುವ ಕಂಪನಿ ಒಬ್ಬರಿಗೂ ಪಿಎಫ್ ಕಟ್ಟಿಲ್ಲವೆಂದರೆ ಸಂದರ್ಶನದಲ್ಲೇ ಅದರ ಕಾರಣ ಕೇಳಬೇಕು. ನೌಕರರು ಗುತ್ತಿಗೆದಾರರ ಹೆಸರಿನಲ್ಲಿದ್ದಾರೆ ಎಂಬ ಉತ್ತರ ನಿಜವಿರಬಹುದು, ಆಗ ಆ ಗುತ್ತಿಗೆದಾರರ ಹೆಸರನ್ನು ಕೇಳಿ ಹುಡುಕಬೇಕು. ನಮ್ಮ ಹುಡುಗನ ಪತ್ರದಲ್ಲಿದ್ದ ಕಂಪನಿ ಪ್ರತಿ ತಿಂಗಳೂ ಪಿಎಫ್ ಕಟ್ಟುತ್ತಿತ್ತು, ಅಂದರೆ ಅದು ಜೀವಂತವಾಗಿರುವ ನಿಜವಾದ ಕಂಪನಿ.

ಕೊನೆಗೆ ಆ ಕಂಪನಿಯ ಸ್ವಂತ ಜಾಲತಾಣದಲ್ಲಿದ್ದ ವಿಳಾಸಕ್ಕೆ ಪತ್ರದ ಪ್ರತಿಯನ್ನು ಕಳಿಸಿ ಕೇಳಿದೆವು. ಪತ್ರದಲ್ಲೇ ಕೊಟ್ಟಿರುವ ಫೋನ್ ನಂಬರಿಗೆ ಕರೆ ಮಾಡಿದರೆ ವಂಚಕರೇ ಎತ್ತುತ್ತಾರೆ, ಆದ್ದರಿಂದ ವಿಚಾರಿಸುವುದು ಯಾವಾಗಲೂ ಕಂಪನಿಯ ಸ್ವಂತ ತಾಣದ ಮೂಲಕವೇ ಆಗಬೇಕು. ಅಂಥ ನೇಮಕ ನಾವು ಮಾಡಿಲ್ಲ, ಯಾರಿಂದಲೂ ಠೇವಣಿ ಪಡೆಯುವುದಿಲ್ಲ ಎಂದು ಮರುದಿನ ಉತ್ತರ ಬಂತು. ಹುಡುಗ ಹಣ ಕಟ್ಟಿರಲಿಲ್ಲ. ಕಟ್ಟಿಬಿಟ್ಟವರು ಯುಪಿಐ ವ್ಯವಹಾರದ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ತಡಮಾಡದೆ 1930ಕ್ಕೆ ಕರೆ ಮಾಡಿ, cybercrime.gov.inನಲ್ಲಿ ದೂರು ದಾಖಲಿಸಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಕೆಲವು ಗಂಟೆಗಳಲ್ಲಿಯೇ.