ನಾಸಿಕದ ದಾನಶಾಸನಗಳ ಪಟ್ಟಿ: 3ನೇ ಗುಹೆಯ ಜಮೀನು

ನಾಸಿಕದ ಪಾಂಡವಲೇಣಿ ಎಂಬ ಬೌದ್ಧ ಗುಹೆಗಳ ಶಾಸನಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸುವ ಕೆಲಸದಲ್ಲಿ ಈಗ 3ನೇ ಗುಹೆಯ ಸರದಿ. ಇಲ್ಲಿ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಎರಡು ಅಪ್ಪಣೆಗಳಿವೆ. ಎರಡೂ ಗೋವರ್ಧನದ ಅಧಿಕಾರಿಗೆ ಬರೆದವು.

ಮೊದಲನೆಯದು ಅವನ ಆಳ್ವಿಕೆಯ 18ನೇ ವರ್ಷದ್ದು. ಪಶ್ಚಿಮ ಕಖಡಿ ಎಂಬ ಊರಿನಲ್ಲಿ ಹಿಂದೆ ಉಷವದಾತ ಅನುಭವಿಸುತ್ತಿದ್ದ 200 ನಿವರ್ತನ ಹೊಲ ಭಿಕ್ಷುಗಳಿಗೆ ಸೇರುತ್ತದೆ. ಉಷವದಾತ ಕ್ಷತ್ರಪ ನಹಪಾನನ ಅಳಿಯ, ಅಂದರೆ ಗೌತಮೀಪುತ್ರನಿಗೆ ಸೋತ ಎದುರಾಳಿಯ ಮನೆಯವನು. ಹೊಲಕ್ಕೆ ರಾಜಭಟರು ಕಾಲಿಡುವಂತಿಲ್ಲ, ಉಪ್ಪಿಗಾಗಿ ಅಗೆಯುವಂತಿಲ್ಲ. ಈ ವಿನಾಯಿತಿಗಳಿಗೆ ಬೇರೆಯೇ ಕಾಲಮ್ ಬೇಕು, ಏಕೆಂದರೆ ಜಮೀನಿನಷ್ಟೇ ಬೆಲೆ ಇವಕ್ಕೂ ಇತ್ತು.

ಎರಡನೆಯದು 24ನೇ ವರ್ಷದ್ದು. ದೊರೆಯ ಜೊತೆಗೆ ಅವನ ತಾಯಿಯ ಹೆಸರಲ್ಲೂ ಹೊರಟಿದೆ. ಕಖಡಿಯಲ್ಲಿ ಕೊಟ್ಟ ಹೊಲ ಉಳುಮೆಯಾಗುತ್ತಿಲ್ಲ, ಊರಲ್ಲಿ ಜನವಸತಿಯೂ ಇಲ್ಲ, ಹಾಗಾಗಿ ಪಟ್ಟಣದ ಎಲ್ಲೆಯಲ್ಲಿರುವ ನಮ್ಮದೇ ರಾಜಕ್ಷೇತ್ರದಿಂದ 100 ನಿವರ್ತನ ಕೊಟ್ಟಿದ್ದೇವೆ ಎನ್ನುತ್ತದೆ. ಭಿಕ್ಷುಗಳು ತಾವೇ ಉಳುವವರಲ್ಲ. ಒಕ್ಕಲು ಇಲ್ಲದ ಊರಿನ ಹೊಲದಿಂದ ಅವರ ಪಾತ್ರೆಗೆ ಏನೂ ಬೀಳುವುದಿಲ್ಲ.

ಪಟ್ಟಿ ತಪ್ಪುವುದು ಇಲ್ಲೇ. ಎರಡನ್ನೂ ಕೂಡಿಸಿ 300 ನಿವರ್ತನ ಎಂದು ಬರೆದರೆ ದೊರೆ ಕೊಡುಗೈ ದಾನಿಯಾಗಿ ಕಾಣುತ್ತಾನೆ. ಎರಡನೇ ಅಪ್ಪಣೆ ಮೊದಲನೆಯದರ ಬದಲಿಗೆ ಬಂದದ್ದು, ಅದೂ ಅರ್ಧ ಅಳತೆಯಲ್ಲಿ. ಆದ್ದರಿಂದ ‘ಬದಲಿ’ ಎಂಬ ಕಾಲಮ್ ಸೇರಿಸಿ, 18ನೇ ವರ್ಷದ ಸಾಲನ್ನು ಅಳಿಸದೆ ಅದಕ್ಕೆ ಜೋಡಿಸಲಾಗಿದೆ. ಅರ್ಧವೇ ಆದರೂ ಪಟ್ಟಣದ ಅಂಚಿನ ಹೊಲವೇ ಲಾಭದ್ದಿರಬೇಕು ಅನ್ನುವುದು ನಮ್ಮ ಊಹೆ. ಅದು ಟಿಪ್ಪಣಿಯಲ್ಲಿದೆ, ಅಂಕಿಗಳ ಸಾಲಿನಲ್ಲಿಲ್ಲ. ನಿವರ್ತನವನ್ನು ಎಕರೆಗೆ ಇಳಿಸಿಲ್ಲ. ಅದರ ಅಳತೆ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ.

ಅಂದಹಾಗೆ, ಮೊದಲ ಅಪ್ಪಣೆ ಹೊರಟ ವಿಜಯಶಿಬಿರದ ಜೊತೆ ‘ವೇಜಯಂತಿ’ ಎಂಬ ಮಾತಿದೆ. ಬನವಾಸಿಗೂ ಆ ಹೆಸರಿತ್ತು. ಆದರೆ ಅದು ಗೆದ್ದ ಸೇನೆಯ ವಿಶೇಷಣವೂ ಆಗಬಹುದಾದ್ದರಿಂದ ಸ್ಥಳದ ಕಾಲಮ್ಮಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ.

ಮುಂದಿನದು 10ನೇ ಗುಹೆಯ ಶಾಸನ ಹೇಳುವ, ಉಷವದಾತ ಇಟ್ಟ 3000 ಕಾರ್ಷಾಪಣ ನಾಣ್ಯಗಳ ಇಡುಗಂಟು. ಅದರಲ್ಲಿ 2000 ಒಂದು ನೇಕಾರರ ಶ್ರೇಣಿಯಲ್ಲಿ, ತಿಂಗಳಿಗೆ ನೂರಕ್ಕೆ 1ರ ಬಡ್ಡಿಗೆ. ವರ್ಷಕ್ಕೆ 240 ಬರುತ್ತದೆ. ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ, ಅಂದರೆ ಉಡುವ ಬಟ್ಟೆಯ, ಹಣ ಸರಿಯಾಗಿ ಹೊಂದುತ್ತದೆ. ಅಸಲನ್ನು ಮರಳಿಸುವಂತಿಲ್ಲ. ಹಾಗಾಗಿ ಅಸಲು ಮತ್ತು ಬಡ್ಡಿಯನ್ನು ಒಂದೇ ಮೊತ್ತಕ್ಕೆ ಸೇರಿಸದೆ ಬೇರೆ ಬೇರೆ ಸಾಲುಗಳಲ್ಲಿ ತುಂಬಬೇಕು.