ಬಿಸಿನೀರು ಸುಡೋದೇ ಇಲ್ಲ ಅಂದಿದ್ದರು

ಶಿಡ್ಲಘಟ್ಟದ ಕಡೆ ಕೆಲಸ ಮಾಡುವವರಿಗೆ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ದುಡಿಯುವ ಕೈಗಳು ದೂರದಿಂದಲೇ ಗೊತ್ತಾಗುತ್ತವೆ. ಬೇಸಿನ್‌ನ ಬಿಸಿನೀರಲ್ಲಿ ನೆನೆದು ನೆನೆದು ಬೆರಳ ತುದಿಗಳು ಬೆಳ್ಳಗೆ ಮುದುಡಿರುತ್ತವೆ. ನಾನು ಈ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅಂದರೆ ಪಿಎಚ್‌ಸಿಯಲ್ಲಿ, ಆರೋಗ್ಯ ಸಿಬ್ಬಂದಿ, ಪಿಎಚ್‌ಸಿಓ. ಇಂಥ ಕೈಗಳನ್ನು ದಿನಾ ನೋಡುತ್ತೇನೆ. ಅಭ್ಯಾಸವಾಗಿಬಿಟ್ಟಿತ್ತು. ಅದರಿಂದಲೇ ಆವತ್ತು ತಪ್ಪು ಮಾಡಿದೆ.

ಕುಷ್ಠ ಇರುವವರನ್ನು ಹುಡುಕುವ ಅಭಿಯಾನ, ಎಲ್‌ಸಿಡಿಸಿ, ನಡೀತಾ ಇತ್ತು. ಆಶಾ ಜೊತೆ ಮನೆಮನೆ ಸುತ್ತುತ್ತಿದ್ದೆ. ಸಂಜೆಯೊಳಗೆ ಟ್ಯಾಲಿ ಶೀಟ್ ಕೊಡಬೇಕು. ಕೊಡದಿದ್ದರೆ ಗ್ರೂಪಿನಲ್ಲಿ ನಮ್ಮ ಸೆಂಟರ್ ಹೆಸರು ಹಾಕುತ್ತಾರೆ. ಎಷ್ಟು ಮನೆ ಆಯಿತು ಅಂತ ಕೇಳುವವರು ಇದ್ದರು. ಒಬ್ಬೊಬ್ಬರನ್ನು ಎಷ್ಟು ಹೊತ್ತು ನೋಡಿದಿರಿ ಅಂತ ಯಾರೂ ಕೇಳಲಿಲ್ಲ.

ಒಂದು ಮನೆಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು ಇದ್ದರು. ಫಿಲೇಚರ್‌ನಲ್ಲಿ ನೂಲು ತೆಗೆಯುವ ಕೆಲಸ. ಬಲ ಮುಂಗೈ ಮೇಲೆ, ಕಿರುಬೆರಳಿನ ಕಡೆ, ಒಂದು ಮಚ್ಚೆ. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ತೊನ್ನಿನ ಹಾಗೆ ಹಾಲು ಬಿಳುಪಲ್ಲ, ಸುತ್ತಲಿನ ಚರ್ಮಕ್ಕಿಂತ ಒಂಚೂರು ಮಂಕು ಅಷ್ಟೇ. ತುರಿಕೆ ಇಲ್ಲ, ನೋವಿಲ್ಲ. ಆಶಾ, "ಮೇಡಂ, ಇದನ್ನ ನೋಡಿ" ಅಂದಳು. ನಾನು ಜೇಬಿನಿಂದ ಪೆನ್ನು ತೆಗೆದೆ. ಮಚ್ಚೆ ಮೇಲೆ ಗೀರು ಎಳೆದ ಹಾಗೆ ಆಡಿಸಿ, "ಗೊತ್ತಾಗುತ್ತಾ?" ಅಂದೆ. ಅವರು ನನ್ನ ಕೈಯನ್ನೇ ನೋಡುತ್ತಾ "ಹ್ಞೂಂ" ಅಂದರು. ಮತ್ತೆ ಎಳೆದೆ. ಮತ್ತೆ "ಹ್ಞೂಂ".

ಅಷ್ಟರಲ್ಲಿ ಅವರೇ ಒಂದು ಮಾತು ಹೇಳಿದರು. "ಈಚೆಗೆ ಈ ಕೈಗೆ ಬಿಸಿನೀರು ಸುಡೋದೇ ಇಲ್ಲ ಸಿಸ್ಟರ್."

"ವರ್ಷಗಟ್ಟಲೆ ಬೇಸಿನ್‌ನಲ್ಲಿ ಕೈ ಹಾಕಿದ್ದೀರಲ್ಲ, ಚರ್ಮ ದಪ್ಪ ಆಗಿರುತ್ತೆ" ಅಂದೆ. ಸಿಬ್ಬು ಅಂತ ತೀರ್ಮಾನ ಮಾಡಿ, ಸಸ್ಪೆಕ್ಟ್ ಕಾಲಂನಲ್ಲಿ ಸೊನ್ನೆ ಬರೆದು ಮುಂದಿನ ಮನೆಗೆ ಹೋದೆ. ಎಲ್ಲಾ ಸೇರಿ ಎರಡು ನಿಮಿಷ ಆಗಿರಬಹುದು.

ಆ ಮಾತು ಈಗಲೂ ಕಿವಿಯಲ್ಲಿದೆ. ಅವರು "ಈ ಕೈಗೆ" ಅಂದಿದ್ದರು. ಎರಡೂ ಕೈ ಅದೇ ನೀರಿನಲ್ಲಿ, ಅಷ್ಟೇ ವರ್ಷ ಇದ್ದವು. ಚರ್ಮ ದಪ್ಪ ಆಗೋದಾದರೆ ಎರಡೂ ಕೈಗೆ ಆಗಬೇಕು. ಎಡಗೈ ಸುಡುತ್ತಾ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಏಳು ತಿಂಗಳ ನಂತರ ಅವರೇ ಪಿಎಚ್‌ಸಿಗೆ ಬಂದರು. ಬಲಗೈ ಕಿರುಬೆರಳಿನಲ್ಲಿ ದೊಡ್ಡ ಬೊಕ್ಕೆ. ಯಾವಾಗ ಸುಟ್ಟಿತು ಅಂತ ಅವರಿಗೇ ಗೊತ್ತಿಲ್ಲ. ರಾತ್ರಿ ಅನ್ನ ಕಲಸುವಾಗ ಕಣ್ಣಿಗೆ ಬಿತ್ತಂತೆ. ಜೊತೆಗೆ, ಎರಡು ತಿಂಗಳಿಂದ ನೂಲಿನ ತುದಿ ಹಿಡಿಯೋಕೆ ಬೆರಳುಗಳು ಸರಿಯಾಗಿ ಕೂಡುತ್ತಿಲ್ಲ ಅಂದರು. ಮಚ್ಚೆ ಹಾಗೇ ಇತ್ತು, ಸ್ವಲ್ಪ ಹರಡಿತ್ತು. ನೋಡಿದ ಕೂಡಲೇ ನನಗೆ ಆ ದಿನದ ಟ್ಯಾಲಿ ಶೀಟ್ ನೆನಪಾಯಿತು. ನಮ್ಮ ವೈದ್ಯಾಧಿಕಾರಿ ಎಂಓ ಹತ್ತಿರ ಕರೆದುಕೊಂಡು ಹೋಗಿ, "ಸರ್, ಇವರನ್ನ ಆಗ ನಾನೇ ನೋಡಿದ್ದೆ, ಬಿಟ್ಟುಬಿಟ್ಟೆ" ಅಂದೆ. ಅವರು ಬೈಯಲಿಲ್ಲ. "ನಿಂತು ನೋಡಿ" ಅಂದರು.

ಅವರು ಪರೀಕ್ಷೆ ಮಾಡಿದ ರೀತಿಯೇ ಬೇರೆ. ಮೊದಲು ಕಣ್ಣು ತೆರೆದಿರುವಾಗಲೇ ಚೆನ್ನಾಗಿರುವ ಚರ್ಮದ ಮೇಲೆ ಪೆನ್ನಿನ ತುದಿ ಮುಟ್ಟಿಸಿ, "ಹೀಗೆ ಮುಟ್ಟುತ್ತೇನೆ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಬೇಕು" ಅಂತ ಅಭ್ಯಾಸ ಮಾಡಿಸಿದರು. ಆಮೇಲೆ ಕಣ್ಣು ಮುಚ್ಚಿಸಿದರು. ಎಳೆಯಲಿಲ್ಲ, ಒತ್ತಲಿಲ್ಲ. ಚರ್ಮ ಸಣ್ಣಗೆ ತಗ್ಗುವಷ್ಟು ಮಾತ್ರ ಮುಟ್ಟಿಸಿದರು. "ಗೊತ್ತಾಗುತ್ತಾ" ಅಂತ ಒಂದು ಸಲವೂ ಕೇಳಲಿಲ್ಲ. ಹಾಗೆ ಕೇಳಿದರೆ ಮುಟ್ಟಿದ್ದು ಗೊತ್ತಾಗದಿದ್ದರೂ ಪಾಪ, ನಮ್ಮ ಮಾತಿಗೆ "ಹ್ಞೂಂ" ಅಂದುಬಿಡುತ್ತಾರೆ. ನಾನು ಎಳೆದ ಗೀರು ಮಚ್ಚೆ ದಾಟಿ ಪಕ್ಕದ ಚರ್ಮಕ್ಕೂ ತಾಗಿತ್ತು. ಆ ಹೆಂಗಸು ಅದನ್ನೂ ಕಣ್ಣಲ್ಲಿ ನೋಡುತ್ತಿದ್ದರು. ಇನ್ನು ಆ ಉತ್ತರಕ್ಕೆ ಅರ್ಥವೇನು?

ಎಂಓ ಮಚ್ಚೆಯ ಆಚೆ ಮುಟ್ಟಿಸಿದರೆ ಅವರ ಬೆರಳು ಸರಿಯಾಗಿ ಅಲ್ಲಿಗೇ ಹೋಗುತ್ತಿತ್ತು. ಮಚ್ಚೆಯ ಮಧ್ಯೆ ಮುಟ್ಟಿಸಿದಾಗ ಕೈ ಅಲ್ಲಾಡಲೇ ಇಲ್ಲ. ನಾಲ್ಕು ಸಲ, ನಾಲ್ಕು ಸಲವೂ. ಕೋಣೆ ನಿಶ್ಶಬ್ದವಾಗಿತ್ತು. ಅವರು ಕಣ್ಣು ಮುಚ್ಚಿ, ಮುಟ್ಟುವುದನ್ನೇ ಕಾಯುತ್ತಾ ಕೂತಿದ್ದರು.

ಆಮೇಲೆ ಮೊಣಕೈ. ಆ ಗಂಟಿನ ಹಿಂದೆ, ಒಳಗಡೆ, ತಗುಲಿದರೆ ಶಾಕ್ ಹೊಡೆದ ಹಾಗೆ ಆಗುವ ಜಾಗ ಇದೆಯಲ್ಲ, ಅಲ್ಲಿ ಅಲ್ನಾರ್ ನರ ಹೋಗುತ್ತದೆ. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವುದು ಅದೇ. ಎಂಓ ನನ್ನ ಬೆರಳು ಹಿಡಿದು ಎರಡೂ ಕಡೆ ಮುಟ್ಟಿಸಿದರು. ಎಡಗಡೆ ಮೆತ್ತಗಿನ ದಾರದ ಹಾಗಿತ್ತು. ಬಲಗಡೆ ಹಗ್ಗ. ಮೆಲ್ಲಗೆ ಉರುಳಿಸಿದ್ದಕ್ಕೇ ಅವರು ಮುಖ ಕಿವುಚಿದರು. ಕಿರುಬೆರಳನ್ನು ಹೊರಗೆ ಚಾಚಿ, ನಾನು ತಳ್ಳಿದರೂ ಬಿಡಬೇಡಿ ಅಂದರು ಎಂಓ. ಎಡಗೈ ತಡೆದು ನಿಂತಿತು. ಬಲಗೈ ಕಿರುಬೆರಳು ಸ್ವಲ್ಪ ತಳ್ಳಿದ್ದಕ್ಕೇ ಮಡಚಿಕೊಂಡಿತು.

ಕುಷ್ಠದ ರೋಗಾಣು ಇರುವುದು ಚರ್ಮದಲ್ಲಿ ಮತ್ತು ನರದಲ್ಲಿ. ಹಲವು ಔಷಧ ಸೇರಿಸಿ ಕೊಡುವ ಎಂಡಿಟಿ ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ. ಮಾತ್ರೆ ಶುರುವಾದ ಮೇಲೆ ಬೇಗನೇ ಆ ವ್ಯಕ್ತಿಯಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಆದರೆ ಸತ್ತ ನರವನ್ನು ಆ ಮಾತ್ರೆ ಎಬ್ಬಿಸುವುದಿಲ್ಲ. ಊದಿಕೊಂಡು ಒತ್ತಡಕ್ಕೆ ಸಿಕ್ಕಿರುವ ನರ ಮಾತ್ರ ಸ್ಟಿರಾಯ್ಡ್‌ಗೆ ಬಗ್ಗಬಹುದು, ಅದೂ ಶಕ್ತಿ ಕಡಿಮೆಯಾಗಿ ಆರು ತಿಂಗಳೊಳಗೆ ಶುರು ಮಾಡಿದರೆ ಜಾಸ್ತಿ ಆಸೆ. ಅದು ದಾಟಿದ ಮೇಲೆ ಕೈ ಮುದುಡಿಕೊಳ್ಳಬಹುದು, ಸ್ಪರ್ಶವಿಲ್ಲದ ಬೆರಳು ಮತ್ತೆ ಮತ್ತೆ ಸುಟ್ಟು ಹುಣ್ಣಾಗಿ ಸವೆಯಬಹುದು. ಬೆರಳು ತಾನಾಗಿ ಉದುರುತ್ತೆ ಅಂತ ಊರಲ್ಲಿ ಹೇಳುತ್ತಾರಲ್ಲ, ಹಾಗಲ್ಲ. ನೋವೇ ಇಲ್ಲದ ಗಾಯಗಳು ಮಾಡುವ ಕೆಲಸ ಅದು.

ಪಿಬಿ, ಅಂದರೆ ರೋಗಾಣು ಕಡಿಮೆ ಇರುವ ಬಗೆಯ ಕುಷ್ಠ, ಅಂತ ದಾಖಲಾಯಿತು. ಆರು ತಿಂಗಳ ಬ್ಲಿಸ್ಟರ್ ಪ್ಯಾಕ್, ತಿಂಗಳ ಡೋಸ್ ನಮ್ಮೆದುರೇ. ಮೂತ್ರ ಕೆಂಪಾಗುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿದೆವು. ನರಕ್ಕೆ ಪ್ರೆಡ್ನಿಸೊಲೋನ್ ಶುರುವಾಯಿತು. ಬಿಪಿ, ಶುಗರ್ ನೋಡಿಕೊಂಡು, ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾ ಕೊಟ್ಟರು. ಮನೆಯವರನ್ನೆಲ್ಲ ನೋಡಿ, ಅವರಿಗೆ ಬಾರದಿರಲಿ ಅಂತ ಒಂದು ಡೋಸ್ ರಿಫಾಂಪಿಸಿನ್ ಕೊಟ್ಟಾಯಿತು. ಬೇಸಿನ್ ಬಿಟ್ಟು ಒಣ ನೂಲು ಸುತ್ತುವ ಕಡೆಗೆ ಹೋದರು. ಅಲ್ಲಿ ಕೂಲಿ ಕಮ್ಮಿ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಅವರ ಹತ್ತಿರ ಕ್ಷಮೆ ಕೇಳಿದೆ. "ಬಿಡಿ ಸಿಸ್ಟರ್, ನಂಗೂ ಗೊತ್ತಿರಲಿಲ್ಲ" ಅಂದರು. ಅವರಿಗೆ ಗೊತ್ತಿತ್ತು. ಬಿಸಿನೀರಿನ ಮಾತು ಹೇಳಿದ್ದು ಅವರೇ ಅಲ್ವಾ?

ಈಗ ಆಶಾಗಳ ಮೀಟಿಂಗ್‌ನಲ್ಲಿ ಈ ಪೆನ್ನಿನ ಪರೀಕ್ಷೆಯನ್ನು ಒಬ್ಬರ ಕೈ ಮೇಲೆ ಒಬ್ಬರು ಮಾಡಿ ಕಲಿಯುತ್ತೇವೆ. ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಮುಖದ ಮೇಲಿನ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು. ಆದ್ದರಿಂದ ಅಲ್ಲಿ "ಗೊತ್ತಾಯಿತು" ಅಂದ ಮಾತ್ರಕ್ಕೆ ಬಿಡಬಾರದು, ಎಂಓಗೆ ತೋರಿಸಬೇಕು. ಟ್ಯಾಲಿ ಶೀಟ್ ತಡವಾದರೆ ಆಗಲಿ, ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ ಅಂದಿದ್ದೇನೆ.

ಕೊನೆಯ ತಿಂಗಳ ಡೋಸ್‌ಗೆ ಬಂದಾಗ ಸ್ನಾಯುವಿನ ಶಕ್ತಿ, ಸ್ಪರ್ಶ ನೋಡುವ ವಿಎಂಟಿ-ಎಸ್‌ಟಿ ಪರೀಕ್ಷೆ ನಾನೇ ಮಾಡಿದೆ. ಕಿರುಬೆರಳು ಹೊರಗೆ ಚಾಚಿ ನನ್ನ ಬೆರಳನ್ನು ತಡೆದು ಹಿಡಿದರು. "ಈಗ ಜೋರಿದೆ ಅಲ್ವಾ ಸಿಸ್ಟರ್?" ಅಂದರು. ನಿಜಕ್ಕೂ ಜೋರಿತ್ತು. ಆಮೇಲೆ ಕಣ್ಣು ಮುಚ್ಚಿಸಿ, ಅದೇ ಬೆರಳಿನ ತುದಿಗೆ ಪೆನ್ನು ಮುಟ್ಟಿಸಿದೆ. ಎಡಗೈ ಬೆರಳನ್ನು ತೋರಿಸೋಕೆ ಸಿದ್ಧವಾಗಿ ಎತ್ತಿಕೊಂಡು, ಅವರು ಇನ್ನೂ ಕಾಯುತ್ತಲೇ ಇದ್ದರು.