‘ಬನ್ನಿ’ ಅಂದಮೇಲೆ ಸ್ವಲ್ಪ ಸುಮ್ಮನಿರಿ

“ಅಂಗಡಿಗೆ ಬಂದೋರನ್ನ ಏನಂತ ಮಾತಾಡಿಸ್ತೀರ ಮಾರಾಯ್ರೇ? ನಾವು ಬಾಯಿ ಬಿಟ್ರೆ ಓಡಿಹೋಗ್ತಾರೆ, ಸುಮ್ಮನಿದ್ರೆ ಕೊಬ್ಬು ಅಂತಾರೆ. ಗಿರಾಕಿ ಹಿಡಿಯೋ ಗುಟ್ಟು ಹೇಳಿ.”

ಹಿಡಿಯೋಕೆ ಗಿರಾಕಿ ಏನು ಗದ್ದೆ ಏಡಿಯೇ? ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟುಕೊಂಡಿರೋ ನನಗೆ ಮದುವೆ ಮನೆಯಲ್ಲೂ ಇದೇ ಪ್ರಶ್ನೆ. ಎಲೆ ಮುಂದೆ ಕೂತಾಗ ಉತ್ತರಿಸಿ ಸಾಕಾಗಿದೆ, ಇಲ್ಲೇ ಬರೆದುಬಿಡ್ತೀನಿ.

ನಾನು ಹೇಳೋದು “ಬನ್ನಿ” ಅಂತ, ಅಷ್ಟೇ. “ಏನು ಬೇಕಿತ್ತು?” ಅಂದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತೆ. ಉತ್ತರ ಇನ್ನೂ ಹೊಳೆಯದವರು “ಏನಿಲ್ಲ” ಅಂತಾರೆ. ಒಮ್ಮೆ “ಏನಿಲ್ಲ” ಅಂದವರಿಗೆ ಅಲ್ಲಿ ನಿಲ್ಲೋಕೇ ಮುಜುಗರ. ಮಳೆಗಾಲದಲ್ಲಿ ಒಬ್ಬ ಯಜಮಾನರು ಹಾಗೆ ಹೇಳಿ ಕೊಡೆಯೂ ಇಲ್ಲದೆ ಮಳೆಗೇ ವಾಪಸು ಇಳಿದುಹೋದರು. ಅವರನ್ನ ಓಡಿಸಿದ್ದು ನನ್ನ ಮರ್ಯಾದೆಯ ಮಾತೇ. “ಬನ್ನಿ”ಗೆ ಉತ್ತರ ಬೇಡ, ತಲೆ ಆಡಿಸಿದರೆ ಸಾಕು.

ಹೇಳುವಾಗ ಮುಖ ಎತ್ತಿ ನೋಡ್ತೀನಿ, ಕೈ ಮಾತ್ರ ಪೊಟ್ಟಣ ಕಟ್ಟುತ್ತಲೇ ಇರುತ್ತೆ. ಕೆಲಸ ಬಿಟ್ಟು, ಕೌಂಟರಿಗೆ ಎರಡೂ ಕೈ ಊರಿ ನಿಂತುಬಿಟ್ಟರೆ ಬಂದವರಿಗೆ ಪರೀಕ್ಷೆಗೆ ಕೂತ ಹಾಗಾಗುತ್ತೆ.

ಶನಿವಾರ ಬೆಂಗಳೂರಿನ ಗಂಡ ಹೆಂಡತಿ ಬರ್ತಾರೆ ಅನ್ನಿ. ಹುರಿಯೋ ವಾಸನೆಗೇ ಬಂದವರು. ಆಕೆ ದರದ ಬೋರ್ಡು ಓದ್ತಾ ಇರೋವರೆಗೂ ನಾನು ಮಾತಾಡಲ್ಲ. ಬೋರ್ಡಿನಲ್ಲಿ 100 ಗ್ರಾಂನ ಬೆಲೆಯನ್ನೂ ಬರೆಸಿದ್ದೀನಿ, ಯಾಕಂದರೆ ಬೆಲೆ ಕೇಳಿಬಿಟ್ಟರೆ ತಗೊಳ್ಳಲೇಬೇಕೇನೋ ಅನ್ನೋ ಸಂಕೋಚ ನಮ್ಮ ಜನಕ್ಕಿದೆ. ಕಣ್ಣು ಒಂದೇ ಡಬ್ಬಿಯ ಹತ್ತಿರ ಎರಡನೇ ಸಲ ಹೋಗಿ, ಆಮೇಲೆ ನನ್ನ ಮುಖಕ್ಕೆ ಬಂದರೆ ಅದೇ ಹೊತ್ತು. ಆಗಲೂ ಮಾತು ಬೀಜದ ಬಗ್ಗೆ: “ಅದು ಪೀಬೆರಿ. ಹಣ್ಣಲ್ಲಿ ಎರಡು ಬೀಜದ ಬದಲು ಒಂದೇ ಕೂತಿರುತ್ತೆ, ಅದಕ್ಕೇ ಗುಂಡಗಿದೆ.” ಇಷ್ಟು ಹೇಳಿ ಮತ್ತೆ ಪೊಟ್ಟಣಕ್ಕೆ. ಬೇಕಾದವರು ಮುಂದೆ ತಾವೇ ಕೇಳ್ತಾರೆ, ಚಿಕೋರಿ ಎಷ್ಟು, ಫಿಲ್ಟರಿಗೆ ಹೇಗೆ ಪುಡಿ ಮಾಡ್ತೀರ ಅಂತ.

ಬಿಟ್ಟಿ ಕಾಫಿ ಕೊಡಿ, ಜನ ಬರ್ತಾರೆ ಅಂತ ನನ್ನ ಭಾವ ಸಲಹೆ ಕೊಟ್ಟಿದ್ದ. ಕೊಟ್ಟು ನೋಡಿದೆ. ಲೋಟ ಕೈಗೆ ಬಂದ ತಕ್ಷಣ ಮುಖದ ಮೇಲೆ ಸಾಲ ಏರೋದು ಕಾಣ್ತಿತ್ತು. ಕುಡಿದವರು ಬೇಡದಿದ್ದರೂ ಕಾಲು ಕೆಜಿ ಹೊತ್ತುಕೊಂಡು ಹೋದರು. ಆ ತಿಂಗಳು ವ್ಯಾಪಾರ ಜಾಸ್ತಿಯೇ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಿಟ್ಟಿ ಲೋಟ ಕುಡಿದ ಊರಿನವರು ಆಮೇಲೆ ಎದುರಿನ ಫುಟ್‌ಪಾತಿನಲ್ಲಿ ಹೋಗೋಕೆ ಶುರು ಮಾಡಿದರು. ಈಗ ನಾಕು ಬೀಜ ಅಂಗೈಗೆ ಹಾಕ್ತೀನಿ, ಅಷ್ಟೇ. ಮೂಸಿ ನೋಡಿ ವಾಪಸು ಡಬ್ಬಿಗೆ ಹಾಕೋ ಪುಣ್ಯಾತ್ಮರೂ ಇದ್ದಾರೆ, ಹೇಳೋ ಹಾಗಿಲ್ಲ.

ಬಸ್ಸಿಗೆ ಓಡೋರಿಗೆ ಇದೆಲ್ಲ ನಡೆಯಲ್ಲ, ಅವರಿಗೆ “ಎಷ್ಟು ಹಾಕ್ಲಿ?” ಅನ್ನೋದೇ ಉಪಚಾರ.

ಹೊಸಬರ ವಿಷಯ ಎಲ್ಲರೂ ಕೇಳ್ತೀರ. ಹಳಬರನ್ನ ಹೇಗೆ ಮಾತಾಡಿಸ್ತೀಯ ಅಂತ ಒಬ್ಬರಾದರೂ ಕೇಳಬಾರದೇ? ನಾನು ಸೋತಿದ್ದು ಅಲ್ಲಿ.

ರಿಟೈರಾದ ಮೇಷ್ಟ್ರೊಬ್ಬರು ಹದಿನೈದು ದಿನಕ್ಕೊಮ್ಮೆ ಬರೋರು. ಮೆಟ್ಟಿಲು ಹತ್ತೋದು ಕಂಡರೆ ಸಾಕು, “ಬನ್ನಿ ಮೇಷ್ಟ್ರೇ, ಮಾಮೂಲಿ ಅರ್ಧ ಕೆಜಿ ತಾನೇ?” ಅಂತ ಮಿಲ್ ಸ್ವಿಚ್ ಹಾಕೇಬಿಡ್ತಿದ್ದೆ. ನೆನಪಿಟ್ಟುಕೊಂಡಿದ್ದೀನಿ ಅಂತ ನನಗೆ ಒಳಗೊಳಗೇ ಜಂಬ. ಅವರು ನಕ್ಕು ದುಡ್ಡು ಕೊಡೋರು. ಒಂದು ದಿನ ಅವರ ಪಕ್ಕದ ಮನೆಯಾಕೆ ಬಂದಾಗ, “ನಿಮ್ಮ ಪುಡಿ ನಮಗೆ ಮೇಷ್ಟ್ರ ಮನೆಯಿಂದಲೇ ಬರುತ್ತಲ್ಲ” ಅಂದರು. ಮಗ ಸೊಸೆ ಬೆಂಗಳೂರಿಗೆ ಹೋಗಿ ವರ್ಷವಾಗಿತ್ತಂತೆ. ಮನೆಯಲ್ಲಿ ಇಬ್ಬರೇ, ಇಬ್ಬರಿಗೂ ಬೆಳಿಗ್ಗೆ ಒಂದೊಂದು ಲೋಟ. ಪುಡಿ ಮಾಡಿದ ಕಾಫಿ ದಿನ ಕಳೆದಂತೆ ಘಮ ಕಳೆದುಕೊಳ್ಳುತ್ತೆ, ಅದಕ್ಕೇ ಉಳಿಯೋದನ್ನ ಹಂಚ್ತಾ ಇದ್ದರು. ಮಿಲ್ ತಿರುಗೋಕೆ ಶುರುವಾದ ಮೇಲೆ ಬೇಡ ಅನ್ನೋಕೆ ದಾಕ್ಷಿಣ್ಯ.

ಮುಂದಿನ ಸಲ ಬಂದಾಗ “ಬನ್ನಿ ಮೇಷ್ಟ್ರೇ” ಅಂದು ಕೈ ಕಟ್ಟಿಕೊಂಡೆ. ಅವರು ಸ್ವಿಚ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಮಳೆ ಬಗ್ಗೆ ಮಾತಾಡಿದರು, ಮೆಣಸಿನ ರೇಟು ವಿಚಾರಿಸಿದರು. ಆಮೇಲೆ, ಏನೋ ತಪ್ಪು ಮಾಡ್ತಿರೋರ ಹಾಗೆ ಮೆಲ್ಲಗೆ, “ಒಂದು ನೂರು ಗ್ರಾಂ ಆಗುತ್ತೇನಪ್ಪ?” ಅಂದರು.